ಫೋನ್ ಕಳೆದರೂ ಚಾಟ್ ಕಳೆಯದಿರಲಿ

ಗಂಡನ ಮನೆಯವರು ವರದಕ್ಷಿಣೆಗೆ ಪೀಡಿಸಿ ಕಳಿಸಿದ ವಾಟ್ಸಾಪ್ ಸಂದೇಶಗಳನ್ನು ಒಬ್ಬ ಹೆಣ್ಣುಮಗಳು ವಕೀಲರಿಗೆ ತೋರಿಸಲೆಂದು ಉಳಿಸಿಕೊಂಡಿದ್ದಾಳೆ ಎಂದುಕೊಳ್ಳಿ. ಫೋನ್ ಬಸ್ಸಿನಲ್ಲಿ ಕಳೆದುಹೋಗಬಹುದು, ಮನೆಯಲ್ಲೇ ಯಾರಾದರೂ ಕಿತ್ತುಕೊಳ್ಳಲೂಬಹುದು. ಗೂಗಲ್ ಡ್ರೈವ್‌ನಲ್ಲಿ ಬ್ಯಾಕಪ್ ಇದೆಯಲ್ಲ ಎಂದು ಆಕೆ ನೆಮ್ಮದಿಯಿಂದ ಇರುವಂತಿಲ್ಲ. ಸಿಮ್ಮೂ ಗೂಗಲ್ ಪಾಸ್‌ವರ್ಡೂ ಗಂಡನ ಕೈಯಲ್ಲಿದ್ದರೆ (ಎಷ್ಟೋ ಮನೆಗಳಲ್ಲಿ ಇರುವುದೇ ಹಾಗೆ) ಅವನು ಇಡೀ ಚಾಟನ್ನು ಇನ್ನೊಂದು ಫೋನಿಗೆ ಇಳಿಸಿಕೊಳ್ಳಬಲ್ಲ.

2021ರಿಂದ ಬ್ಯಾಕಪ್‌ಗೂ ಬೀಗ ಹಾಕುವ ಅವಕಾಶವಿದೆ. Settings, Chats, Chat backup ಒಳಗೆ End-to-end encrypted backup ಆನ್ ಮಾಡಿ ಪಾಸ್‌ವರ್ಡನ್ನೋ 64 ಅಂಕಿ-ಅಕ್ಷರಗಳ ಕೀಲಿಯನ್ನೋ ಇಟ್ಟುಕೊಳ್ಳಬಹುದು. ಇಟ್ಟುಕೊಂಡದ್ದನ್ನು ಮರೆತರೆ ಕಂಪನಿಯೂ ತೆಗೆದುಕೊಡಲಾರದು. ಆದರೂ ಒಂದು ತೊಡಕು ಉಳಿಯುತ್ತದೆ. ಯಾರೋ ಫೋನ್ ಕಸಿದು ಆ ಚಾಟನ್ನು ಅಳಿಸಿದರೆ, ಮುಂದಿನ ಬ್ಯಾಕಪ್ಪಿನಲ್ಲಿ ಅದು ಇರುವುದಿಲ್ಲ. ಹಳೆಯ ಪ್ರತಿಯ ಜಾಗಕ್ಕೆ ಹೊಸದು ಬಂದು ಕೂರುತ್ತದೆ. ಆದ್ದರಿಂದ ಫೋನಿಗೆ ಸಂಬಂಧವೇ ಇಲ್ಲದ ಇನ್ನೊಂದು ಪ್ರತಿ ಬೇಕು.

ಅದಕ್ಕೆ ಆ ಚಾಟ್ ತೆರೆದು, ಮೂರು ಚುಕ್ಕಿ ಒತ್ತಿ, More ಒಳಗಿನ Export chat ಆರಿಸಿ. ಫೋಟೊ, ಧ್ವನಿ ಸಂದೇಶಗಳೂ ಬೇಕಿದ್ದರೆ ಮೀಡಿಯಾ ಸೇರಿಸಿ. ಇದನ್ನು ಇಮೇಲ್‌ಗೆ ಕಳಿಸಬೇಡಿ, ಬೀಗವಿಲ್ಲದ ಪ್ರತಿ ಅಲ್ಲೇ ಬಿದ್ದಿರುತ್ತದೆ. ಫೋನಿನಲ್ಲೇ ಉಳಿಸಿ, ನಂಬಿಗಸ್ತರ ಕಂಪ್ಯೂಟರಿಗೆ ಕೇಬಲ್ಲಿನಿಂದ ಹಾಕಿಕೊಳ್ಳಿ. ಅಲ್ಲಿ ಉಚಿತವಾಗಿ ಸಿಗುವ 7-Zip ತೆರೆದು, 7z ರೂಪದಲ್ಲಿ ಪಾಸ್‌ವರ್ಡ್ ಕೊಟ್ಟು, Encrypt file names ಎಂಬುದಕ್ಕೆ ಟಿಕ್ ಹಾಕಿ. ಇದನ್ನು ಬಿಟ್ಟರೆ ಒಳಗಿನ ಮಾತು ಕಾಣದಿದ್ದರೂ ಯಾರ ಜೊತೆಗಿನ ಚಾಟ್ ಎಂಬುದು ಫೈಲಿನ ಹೆಸರಿನಿಂದಲೇ ಗೊತ್ತಾಗಿಬಿಡುತ್ತದೆ. ಪಾಸ್‌ವರ್ಡಿಗೆ ಹುಟ್ಟಿದ ದಿನ, ಮಕ್ಕಳ ಹೆಸರು ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದಗಳು ಸಾಕು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಪದಗಳಾದರೂ ನಡೆಯುತ್ತದೆ.

ಬೀಗ ಹಾಕಿದ ಫೈಲು ಎರಡು ಪೆನ್‌ಡ್ರೈವ್‌ಗಳಲ್ಲಿರಲಿ, ಒಂದು ತವರಿನಲ್ಲಿ. ಪಾಸ್‌ವರ್ಡ್ ಬರೆದ ಚೀಟಿ ಪೆನ್‌ಡ್ರೈವ್ ಇರುವ ಕಡೆ ಇರಕೂಡದು. ಹೊಸ ಸಂದೇಶ ಬಂದಾಗ ಮತ್ತೆ ಎಕ್ಸ್‌ಪೋರ್ಟ್ ಮಾಡಬೇಕು. ಎಕ್ಸ್‌ಪೋರ್ಟ್ ಆದ ಬರಹವನ್ನು ಯಾರು ಬೇಕಾದರೂ ತಿದ್ದಬಹುದು ಎಂಬ ಆಕ್ಷೇಪಣೆ ನ್ಯಾಯಾಲಯದಲ್ಲಿ ಬರಬಹುದು. ಹಾಗಾಗಿ ಮೂಲ ಫೋನ್ ಕೈಯಲ್ಲಿರುವವರೆಗೆ ಅದರಲ್ಲಿನ ಚಾಟನ್ನು ಅಳಿಸಬಾರದು.

ಬೀಗವಿಲ್ಲದ ಪ್ರತಿಯನ್ನು ಫೋನಿನ ಡೌನ್‌ಲೋಡ್ ಫೋಲ್ಡರ್, ಕಂಪ್ಯೂಟರಿನ ರೀಸೈಕಲ್ ಬಿನ್ ಎರಡರಿಂದಲೂ ತೆಗೆಯುವ ಮುನ್ನ ಒಂದು ಪರೀಕ್ಷೆ ಮಾಡಿ. ಪೆನ್‌ಡ್ರೈವನ್ನು ಬೇರೆ ಕಂಪ್ಯೂಟರಿಗೆ ಚುಚ್ಚಿ, ಚೀಟಿ ನೋಡಿಯೇ ಪಾಸ್‌ವರ್ಡ್ ಹೊಡೆದು ಫೈಲ್ ತೆರೆಯಿರಿ. ಮೊದಲ ಸಂದೇಶದ ದಿನಾಂಕವನ್ನು ಫೋನಿನ ಚಾಟಿನೊಂದಿಗೆ ತಾಳೆ ನೋಡಿ. ಚಾಟ್ ತುಂಬ ಉದ್ದವಿದ್ದರೆ ಹಳೆಯ ಸಂದೇಶಗಳು ಎಕ್ಸ್‌ಪೋರ್ಟ್‌ನಲ್ಲಿ ಬಿಟ್ಟುಹೋಗುವುದುಂಟು. ಹಾಗಾಗಿದ್ದರೆ ಬಿಟ್ಟುಹೋದ ಭಾಗದ ಸ್ಕ್ರೀನ್‌ಶಾಟ್‌ಗಳನ್ನು ತೆಗೆದು ಅದೇ ಫೈಲಿನೊಳಗೆ ಸೇರಿಸಬೇಕು.