ಲ್ಯಾಡರ್ ಮುಗಿದ ಮೇಲೆ ಶುರುವಾಗುವ ಚುರುಕು

ಕೋಚ್ ಸೀಟಿ ಊದಿದೊಡನೆ ಹನ್ನೆರಡು-ಹದಿಮೂರರ ಹುಡುಗರು ಒಬ್ಬೊಬ್ಬರಾಗಿ ನೆಲದ ಮೇಲೆ ಹಾಸಿದ ಪಟ್ಟಿಯ ಏಣಿಯೊಳಗೆ ನುಗ್ಗುತ್ತಾರೆ. ಚೌಕಕ್ಕೆ ಎರಡು ಹೆಜ್ಜೆ, ಆಮೇಲೆ ಒಳಗೆ-ಹೊರಗೆ, ಆಮೇಲೆ ಅಡ್ಡಡ್ಡಲಾಗಿ. ಪಾದಗಳು ಪಟಪಟ ಎನ್ನುತ್ತವೆ, ನೋಡಲು ಖುಷಿ. ಮೊಬೈಲ್ ಹಿಡಿದ ಅಪ್ಪ-ಅಮ್ಮಂದಿರಿಗೂ ಇದೇ ಇಷ್ಟ. ಹತ್ತು ನಿಮಿಷ ಕಳೆದು ಪಂದ್ಯ ಆರಂಭವಾಗುತ್ತದೆ. ಎದುರಾಳಿ ಎಡಕ್ಕೆ ವಾಲಿ ಬಲಕ್ಕೆ ಹಾರಿದಾಗ, ಲ್ಯಾಡರ್‌ನಲ್ಲಿ ಎಲ್ಲರಿಗಿಂತ ಚುರುಕಾಗಿದ್ದ ಹುಡುಗನೇ ದೊಡ್ಡ ಸುತ್ತು ಹಾಕಿ ತಿರುಗಿ ಹಿಂದೆ ಬೀಳುತ್ತಾನೆ.

ಇದಕ್ಕೆ ಕಾರಣ ಲ್ಯಾಡರ್‌ನ ಅಳತೆಯಲ್ಲೇ ಇದೆ. ಪಟ್ಟಿಗಳ ನಡುವೆ ಸಾಮಾನ್ಯವಾಗಿ ಒಂದೂಕಾಲು-ಒಂದೂವರೆ ಅಡಿ ಜಾಗ. ಅಷ್ಟರೊಳಗೆ ಕಾಲಿಡಬೇಕಾದರೆ ಪಾದ ದೇಹದ ನೇರ ಕೆಳಗೇ ಬೀಳಬೇಕು, ನೆಲವನ್ನು ಮೆಲ್ಲಗೆ ತಟ್ಟಿ ಮೇಲೇಳಬೇಕು. ಓಡುತ್ತಿದ್ದವನು ದಿಕ್ಕು ಬದಲಿಸಬೇಕಾದರೆ ಆಗಬೇಕಾದ್ದು ಇದಕ್ಕೆ ತದ್ವಿರುದ್ಧ. ಪಾದ ದೇಹದಿಂದ ದೂರಕ್ಕೆ, ಪಕ್ಕಕ್ಕೋ ಮುಂದಕ್ಕೋ ಬೀಳಬೇಕು, ನೆಲವನ್ನು ಬಲವಾಗಿ ಒದೆಯಬೇಕು. ಜೊತೆಗೆ ಲ್ಯಾಡರ್‌ನಲ್ಲಿ ಕಣ್ಣು ನೆಲದ ಮೇಲಿರುತ್ತದೆ, ಆಟದಲ್ಲಿ ಅದು ಎದುರಾಳಿಯ ಮೇಲಿರಬೇಕು.

ಹಾಗೆಂದು ಲ್ಯಾಡರನ್ನು ಸುತ್ತಿ ಮೂಲೆಗೆ ಎಸೆಯಬೇಕಿಲ್ಲ. ಎಡ-ಬಲ ಕಾಲುಗಳ ಹೊಂದಾಣಿಕೆ, ಲಯ, ಅಂಗಾಲಿನ ಮುಂಭಾಗದ ಮೇಲೆ ನಿಲ್ಲುವ ಅಭ್ಯಾಸ ಎಂಟು-ಹತ್ತು ವರ್ಷದ ಮಕ್ಕಳಿಗೆ ಇದರಿಂದ ಚೆನ್ನಾಗಿ ಬರುತ್ತದೆ. ಎರಡು ಹೆಜ್ಜೆ ಒಳಗೆ, ಒಂದು ಹೊರಗೆ ಎನ್ನುವ ಪ್ರಸಿದ್ಧ ಡ್ರಿಲ್ ಒಂದಿದೆ, ಹೆಸರು ‘ಇಕಿ ಶಫಲ್’. 1988ರ ಋತುವಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಇಕಿ ವುಡ್ಸ್ ಅಂಕ ಗಳಿಸಿದಾಗಲೆಲ್ಲ ಕುಣಿಯುತ್ತಿದ್ದ ಕುಣಿತದ ಹೆಸರದು. ಕುಣಿತದ ಹೆಸರೇ ಲ್ಯಾಡರ್‌ಗೆ ಒಪ್ಪುತ್ತದೆ, ಅದು ಕಲಿಸುವುದು ಹೆಚ್ಚಾಗಿ ಕಾಲಿನ ಲಯವನ್ನೇ. ಮೈ ಬಿಸಿಯಾಗುವ ಹೊತ್ತಿನಲ್ಲಿ ಐದು ನಿಮಿಷ ಮಾಡಿಸಿದರೆ ಸಾಕು.

ದಿಕ್ಕು ಬದಲಿಸುವ ನಿಜವಾದ ಕೆಲಸ ಕೋನ್‌ಗಳ ನಡುವೆ ನಡೆಯುತ್ತದೆ. ಅಲ್ಲಿ ಮೊದಲು ಕಲಿಯಬೇಕಾದ್ದು ವೇಗವನ್ನಲ್ಲ, ಬ್ರೇಕನ್ನು. ಪಕ್ಕಕ್ಕೆ ಸ್ವಲ್ಪ ಓರೆಯಾಗಿ ಹೊರಳುವವನು ವೇಗವನ್ನು ಬಹುಪಾಲು ಉಳಿಸಿಕೊಳ್ಳಬಹುದು. ಬಂದ ದಾರಿಯಲ್ಲೇ ಹಿಂದಿರುಗುವವನು ಮಾತ್ರ ಒಂದು ಕ್ಷಣವಾದರೂ ಪೂರ್ತಿ ನಿಲ್ಲಲೇಬೇಕು. ಈ ನಿಲುಗಡೆ ಕೊನೆಯ ಹೆಜ್ಜೆಯಲ್ಲಿ ಆಗುತ್ತದೆ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಪಳಗಿದ ಆಟಗಾರ ಅದಕ್ಕೆ ಒಂದು ಹೆಜ್ಜೆ ಮುಂಚೆಯೇ ಮೊಣಕಾಲು ಮಡಿಸಿ, ಸೊಂಟ ತಗ್ಗಿಸಿ ಅರ್ಧಕ್ಕರ್ಧ ವೇಗ ಇಳಿಸಿಬಿಟ್ಟಿರುತ್ತಾನೆ. ಕೊನೆಯ ಹೆಜ್ಜೆ ಅವನಿಗೆ ತಿರುಗಿ ಒದೆಯಲು ಬಳಕೆಯಾಗುತ್ತದೆ. ಕಲಿಯದವನು ನೆಟ್ಟಗೆ ನಿಂತೇ ಓಡಿಬಂದು ಇಡೀ ಭಾರವನ್ನು ಕೊನೆಯ ಕಾಲಿನ ಮೇಲೆ ಹಾಕುತ್ತಾನೆ. ಆಗ ಮೊಣಕಾಲು ಒಳಕ್ಕೆ ವಾಲುತ್ತದೆ. ಮಂಡಿಯ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವುದು ಹಲವು ಬಾರಿ ಇಂಥ ಭಂಗಿಯಲ್ಲೇ.

ಆದ್ದರಿಂದ ಮೊದಲ ಕೋನ್ ಡ್ರಿಲ್‌ನಲ್ಲಿ ತಿರುಗುವುದೇ ಇಲ್ಲ. ಐದು ಮೀಟರ್ ದೂರದಲ್ಲಿ ಒಂದು ಕೋನ್, ಅರೆವೇಗದ ಓಟ, ಕೊನೆಯ ಎರಡು ಹೆಜ್ಜೆಗಳಲ್ಲಿ ನಿಂತು ಹಾಗೇ ಎರಡು ಸೆಕೆಂಡು ಅಲುಗದೆ ಇರುವುದು, ಇಷ್ಟೆ. ತೂರಾಡಿದರೆ ವೇಗ ಹೆಚ್ಚಾಯಿತು ಎಂದರ್ಥ. ಇದು ಗಟ್ಟಿಯಾದ ಮೇಲೆ ಓರೆ ತಿರುವು, ಆಮೇಲೆ ಲಂಬ ತಿರುವು, ಕೊನೆಗೆ ಪೂರ್ತಿ ಹಿಂದಿರುಗುವ ತಿರುವು. ಗಟ್ಟಿ ಪ್ಲಾಸ್ಟಿಕ್‌ನ ಎತ್ತರದ ಕೋನ್ ಬದಲು ತಟ್ಟೆಯಂಥ ಚಪ್ಪಟೆ ಕೋನ್ ಇಟ್ಟರೆ ಕಾಲು ತಾಗಿದರೂ ಮುಗ್ಗರಿಸುವುದಿಲ್ಲ.

ಸುಧಾರಣೆ ಆಗಿದೆಯೋ ಇಲ್ಲವೋ ನೋಡಲು ‘505’ ಎಂಬ ಪರೀಕ್ಷೆ ಇದೆ. ಆರಂಭದ ಗೆರೆಯಿಂದ 10 ಮೀಟರ್‌ಗೆ ಒಂದು ಗೆರೆ, 15 ಮೀಟರ್‌ಗೆ ಇನ್ನೊಂದು. ಆಟಗಾರ ಜೋರಾಗಿ ಓಡಿಬಂದು 10ರ ಗೆರೆ ದಾಟಿದಾಗ ಗಡಿಯಾರ ಶುರು, 15ರ ಗೆರೆ ಮೆಟ್ಟಿ ತಿರುಗಿ ಮತ್ತೆ 10ರ ಗೆರೆಗೆ ಬಂದಾಗ ನಿಲುಗಡೆ. ಈ ಒಂದೇ ಸಂಖ್ಯೆಯನ್ನು ನಂಬಿದರೆ ಮೋಸ ಹೋಗುವ ಸಂಭವ ಇದೆ. ಇಬ್ಬರು ಹುಡುಗರನ್ನು ಊಹಿಸಿಕೊಳ್ಳಿ. ಇಬ್ಬರದೂ 505ರ ಸಮಯ 2.75 ಸೆಕೆಂಡು. ಆದರೆ ನೇರ 10 ಮೀಟರ್ ಓಟವನ್ನು ಮೊದಲನೆಯವನು 1.95ರಲ್ಲಿ ಮುಗಿಸುತ್ತಾನೆ, ಎರಡನೆಯವನು 2.15ರಲ್ಲಿ. ಕಳೆದು ನೋಡಿದರೆ ಮೊದಲನೆಯವನಿಗೆ 0.80 ಉಳಿಯುತ್ತದೆ, ಎರಡನೆಯವನಿಗೆ 0.60. ಓಟದಲ್ಲಿ ಗಳಿಸಿದ್ದನ್ನು ಮೊದಲನೆಯವನು ತಿರುವಿನಲ್ಲಿ ಕಳೆದುಕೊಳ್ಳುತ್ತಿದ್ದಾನೆ. ಅವನಿಗೆ ಬೇಕಾದ್ದು ಬ್ರೇಕಿನ ಅಭ್ಯಾಸ, ಇನ್ನೊಬ್ಬನಿಗೆ ನೇರ ಓಟದ ಅಭ್ಯಾಸ. ಇಬ್ಬರಿಗೂ ಒಂದೇ ಡ್ರಿಲ್ ಮಾಡಿಸಿದರೆ ಒಬ್ಬನ ಸಮಯವಂತೂ ವ್ಯರ್ಥ. ಇಷ್ಟು ಸಣ್ಣ ವ್ಯತ್ಯಾಸ ಕೈಗಡಿಯಾರಕ್ಕೆ ಸಿಗದು. ಮೊಬೈಲನ್ನು ಸ್ಟ್ಯಾಂಡ್ ಮೇಲಿಟ್ಟು ಸ್ಲೋ ಮೋಷನ್‌ನಲ್ಲಿ ಚಿತ್ರೀಕರಿಸಿ ಫ್ರೇಮ್ ಎಣಿಸುವುದು ಮೇಲು. ಎಡಗಾಲಿನ ತಿರುವು, ಬಲಗಾಲಿನ ತಿರುವು ಎರಡನ್ನೂ ಬೇರೆಬೇರೆಯಾಗಿ ಅಳೆಯಬೇಕು.

ಇಷ್ಟಾದರೂ ಇದು ಅರ್ಧ ದಾರಿ. ಕೋನ್ ಎಲ್ಲಿದೆ ಎಂದು ಓಡುವವನಿಗೆ ಮೊದಲೇ ಗೊತ್ತು. 2006ರಲ್ಲಿ ಷೆಪರ್ಡ್ ಮತ್ತು ಯಂಗ್ ಎಂಬ ಕ್ರೀಡಾವಿಜ್ಞಾನಿಗಳು ಇದೇ ಗೆರೆಯನ್ನು ಸ್ಪಷ್ಟವಾಗಿ ಎಳೆದರು. ಯಾವುದೋ ಸೂಚನೆಗೆ ಪ್ರತಿಕ್ರಿಯಿಸುತ್ತ ಇಡೀ ದೇಹ ವೇಗವನ್ನೋ ದಿಕ್ಕನ್ನೋ ಥಟ್ಟನೆ ಬದಲಿಸಿದರೆ ಮಾತ್ರ ಅದು ಚುರುಕುತನ, ಮೊದಲೇ ಗೊತ್ತಿರುವ ದಾರಿಯಲ್ಲಿ ಹೊರಳುವುದು ಬೇರೆ ಕೌಶಲ. ಖೋ ಖೋ ಆಡಿದವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಅಟ್ಟಿಸಿಕೊಂಡು ಬರುವವರು ಹಿಡಿದ ದಿಕ್ಕನ್ನು ಬದಲಿಸುವಂತಿಲ್ಲ. ಅವರ ಭುಜ ಯಾವ ಕಡೆ ವಾಲಿತು ಎಂಬುದನ್ನು ಓದುವುದರಲ್ಲೇ ಓಡುವವರ ಉಳಿವಿದೆ.

ಕೋನ್‌ಗಳಿಂದಲೇ ಇದನ್ನು ಅಭ್ಯಾಸ ಮಾಡಿಸಬಹುದು. ಆರಂಭದಿಂದ ಐದು ಮೀಟರ್‌ಗೆ ಎರಡು ಕೋನ್‌ಗಳ ಒಂದು ಬಾಗಿಲು, ಅಲ್ಲಿಂದ ಎಡಕ್ಕೂ ಬಲಕ್ಕೂ ಓರೆಯಾಗಿ ಐದೈದು ಮೀಟರ್‌ಗೆ ಒಂದೊಂದು ಕೋನ್, ಒಟ್ಟಿನಲ್ಲಿ ಕವಲೊಡೆದ ದಾರಿ. ಕವಲಿನ ಆಚೆ ಇನ್ನೊಬ್ಬ ಆಟಗಾರ ನಿಂತಿರುತ್ತಾನೆ. ಓಡಿಬರುವವನು ಬಾಗಿಲು ಮುಟ್ಟುವ ಹೊತ್ತಿಗೆ ಇವನು ಒಂದು ಕಡೆ ಹೆಜ್ಜೆ ಇಡಬೇಕು, ಅವನು ಅದರ ವಿರುದ್ಧ ದಿಕ್ಕಿಗೆ ಹೊರಳಬೇಕು. ಸೂಚನೆ ಬೇಗ ಸಿಕ್ಕರೆ ಅದು ಗೊತ್ತಿರುವ ದಾರಿಯೇ ಆಗಿಬಿಡುತ್ತದೆ, ತೀರಾ ತಡವಾದರೆ ದೇಹಕ್ಕೆ ತಿರುಗಲು ಅವಕಾಶವಿಲ್ಲ. ಅನೇಕ ಕೋಚ್‌ಗಳು ಇಲ್ಲಿ ಸೀಟಿ ಬಳಸುತ್ತಾರೆ. ಸದ್ದಿಗೆ ದೇಹ ನೋಟಕ್ಕಿಂತ ಬೇಗ ಸ್ಪಂದಿಸುತ್ತದೆ ನಿಜ, ಆದರೆ ಪಂದ್ಯದಲ್ಲಿ ಎದುರಾಳಿ ಸೀಟಿ ಊದಿ ಹೊರಳುವುದಿಲ್ಲ. ಅವನ ಸೊಂಟ, ಭುಜ, ಪಾದ ನೋಡಿ ಮುಂದಿನದನ್ನು ಊಹಿಸುವ ಕಲೆಗೆ ಎದುರಿಗೆ ಮನುಷ್ಯನೇ ಬೇಕು.

ಒಂದು ಎಚ್ಚರಿಕೆ. ದಿಕ್ಕು ಮೊದಲೇ ಗೊತ್ತಿಲ್ಲದಾಗ ಮಂಡಿಯ ಮೇಲೆ ಬೀಳುವ ತಿರುಚು ಒತ್ತಡ ಹೆಚ್ಚು. ನಿಲ್ಲಲು ಕಲಿಯದ ಮಕ್ಕಳಿಗೆ ನೇರವಾಗಿ ಈ ಆಟ ಹಚ್ಚಬಾರದು. ಮಾಡಿಸುವಾಗಲೂ ಪ್ರತಿ ಓಟ ಮೂರರಿಂದ ಐದು ಸೆಕೆಂಡು, ನಡುವೆ ಕನಿಷ್ಠ ಅರ್ಧ ನಿಮಿಷ ವಿಶ್ರಾಂತಿ, ಒಂದು ಡ್ರಿಲ್‌ಗೆ ಆರೆಂಟು ಸಲ. ಒಂದು ಸಾಲಿನಲ್ಲಿ ಐದಾರು ಜನರಿದ್ದರೆ ಸರದಿ ಕಾಯುವಷ್ಟರಲ್ಲೇ ವಿಶ್ರಾಂತಿ ಸಿಕ್ಕಿರುತ್ತದೆ. ಮಕ್ಕಳು ಏದುಸಿರು ಬಿಡುತ್ತ ತಿರುವಿನಲ್ಲಿ ಪುಟ್ಟಪುಟ್ಟ ಹೆಜ್ಜೆ ಹಾಕತೊಡಗಿದರೆ ಅಂದಿನ ಅಭ್ಯಾಸ ಮುಗಿಯಿತು. ಆಮೇಲೆ ನಡೆಯುವುದು ದಮ್ಮಿನ ತರಬೇತಿ, ಚುರುಕಿನದಲ್ಲ.

ಹುಡುಗಿಯರಿಗೆ ಸುಮಾರು 12ರಲ್ಲಿ, ಹುಡುಗರಿಗೆ 14ರ ಆಸುಪಾಸಿನಲ್ಲಿ ಎತ್ತರ ದಿಢೀರನೆ ಏರುತ್ತದೆ. ಕೈಕಾಲು ಉದ್ದವಾಗಿರುತ್ತವೆ, ಅವನ್ನು ಹಿಡಿತಕ್ಕೆ ತರಲು ಕೆಲವು ತಿಂಗಳು ಬೇಕಾಗಬಹುದು. ಆ ಅವಧಿಯಲ್ಲಿ 505ರ ಸಮಯ ಕೆಟ್ಟರೆ ಅದನ್ನು ಸೋಮಾರಿತನ ಎಂದು ಗದರಿಸುವ ಮೊದಲು ಎತ್ತರ ಅಳೆದು ನೋಡುವುದು ಒಳಿತು. ಮಂಡಿಚಿಪ್ಪಿನ ಕೆಳಗಿನ ಉಬ್ಬಿನಲ್ಲಿ ಅಥವಾ ಹಿಮ್ಮಡಿಯ ಹಿಂದೆ ನೋವು ಎಂದು ಮಗು ಹೇಳಿದರೆ, ಬೆಳೆಯುವ ಮೂಳೆಯನ್ನು ಸ್ನಾಯು ಎಳೆಯುತ್ತಿರುವ ಸಾಧ್ಯತೆ ಹೆಚ್ಚು. ಗಟ್ಟಿ ನೆಲದ ಮೇಲಿನ ತಿರುವುಗಳನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಅವರು ಒಪ್ಪಿದರೆ ಆ ವಾರಗಳಲ್ಲಿ ಲ್ಯಾಡರ್‌ನ ನಿಧಾನದ ಹೆಜ್ಜೆಗಳನ್ನು ನೋವಿಲ್ಲದಷ್ಟು ಮಟ್ಟಿಗೆ ಮಾಡಿಸಬಹುದು.