ಮೀಟರ್ 238, ಲ್ಯಾಬ್ 190: ಯಾವುದು ಸರಿ?

ಒಬ್ಬ ಗೃಹಿಣಿಯ ಉದಾಹರಣೆ ತೆಗೆದುಕೊಳ್ಳೋಣ. ತಿಂಡಿ ತಿಂದು ಎರಡು ಗಂಟೆಗೆ ಮನೆಯ ಗ್ಲುಕೋಮೀಟರ್ 238 ತೋರಿಸಿತು. ಹತ್ತೇ ನಿಮಿಷದಲ್ಲಿ ಪಕ್ಕದ ಲ್ಯಾಬಿಗೆ ಹೋಗಿ ರಕ್ತ ಕೊಟ್ಟರೆ ವರದಿಯಲ್ಲಿ ಬಂದದ್ದು 190. 'ಮೀಟರ್ ಕೆಟ್ಟಿದೆ, ಎಸೆದುಬಿಡಿ' ಎಂದರು ಮನೆಯವರು.

ಮೀಟರ್‌ಗಳ ನಿಖರತೆಗೆ ಒಂದು ಅಂತರರಾಷ್ಟ್ರೀಯ ಮಾನದಂಡವಿದೆ: 2013ರ ಐಎಸ್‌ಒ 15197. ಲ್ಯಾಬಿನ ಸಂಖ್ಯೆ 100 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೀಟರ್ ಶೇ. 15ರಷ್ಟು ಆಚೀಚೆ ಇರಬಹುದು. 100ಕ್ಕಿಂತ ಕಡಿಮೆಯಿದ್ದರೆ 15 ಅಂಕ ಆಚೀಚೆ. ನೂರು ಪರೀಕ್ಷೆಗಳಲ್ಲಿ 95 ಈ ಮಿತಿಯೊಳಗೆ ಬಂದರೆ ಸಾಕು. ಅಂದರೆ ಒಳ್ಳೆಯ ಮೀಟರ್ ಕೂಡ ಆಗೊಮ್ಮೆ ಈಗೊಮ್ಮೆ ಮಿತಿ ದಾಟುತ್ತದೆ.

ಈಕೆಯ ವ್ಯತ್ಯಾಸ 48. ಅದು 190ರ ಶೇ. 25, ಮಿತಿ ದಾಟಿತು ನಿಜ. ಆದರೆ ಹೋಲಿಕೆಯೇ ಸರಿಯಿರಲಿಲ್ಲ. ಬೆರಳ ತುದಿಯ ರಕ್ತದಲ್ಲಿನ ಸಕ್ಕರೆಯನ್ನು ಅಂಗಾಂಶಗಳು ಇನ್ನೂ ಹೀರಿಕೊಂಡಿರುವುದಿಲ್ಲ. ಲ್ಯಾಬಿನವರು ತೋಳಿನ ಅಭಿಧಮನಿಯಿಂದ ತೆಗೆಯುವ ರಕ್ತ ಅಂಗಾಂಶಗಳಿಗೆ ಸಕ್ಕರೆ ಹಂಚಿ ಹಿಂತಿರುಗುತ್ತಿರುವುದು. ಖಾಲಿ ಹೊಟ್ಟೆಯಲ್ಲಿ ಇವೆರಡರ ನಡುವೆ ಹೆಚ್ಚು ಅಂತರವಿಲ್ಲ. ಊಟವಾದ ಮೇಲೆ ಬೆರಳಿನ ಸಂಖ್ಯೆ ಶೇ. 20ಕ್ಕೂ ಹೆಚ್ಚು ಮೇಲಿರಬಹುದು, ಅದು ಮೀಟರಿನ ತಪ್ಪಲ್ಲ.

ಲ್ಯಾಬಿನ ಕಡೆಯೂ ಎಡವಟ್ಟಾಗುತ್ತದೆ. ರಕ್ತಕಣಗಳು ಟ್ಯೂಬಿನೊಳಗೂ ಸಕ್ಕರೆ ತಿನ್ನುತ್ತಲೇ ಇರುತ್ತವೆ. ಸಾದಾ ಟ್ಯೂಬಿನಲ್ಲಿ ಬಿಟ್ಟರೆ ಗಂಟೆಗೆ ಶೇ. 5ರಿಂದ 7ರಷ್ಟು ಇಳಿಯುತ್ತದೆ. ಅದನ್ನು ತಡೆಯಲೆಂದೇ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಇರುವುದು. ಅದೂ ಪೂರ್ತಿ ಕೆಲಸ ಮಾಡಲು ಒಂದೆರಡು ಗಂಟೆ ಹಿಡಿಯುತ್ತದೆ. ಮನೆಗೆ ಬಂದು ರಕ್ತ ತೆಗೆದುಕೊಂಡು ಊರೆಲ್ಲ ಸುತ್ತಿ ಮಧ್ಯಾಹ್ನ ಲ್ಯಾಬ್ ಸೇರಿದ ಸ್ಯಾಂಪಲ್ಲಿನ ಸಂಖ್ಯೆಯನ್ನು ನಾನಂತೂ ಕಣ್ಮುಚ್ಚಿ ನಂಬುವುದಿಲ್ಲ.

ಹಾಗಾದರೆ ಸರಿಯಾಗಿ ಹೋಲಿಸುವುದು ಹೇಗೆ? ಖಾಲಿ ಹೊಟ್ಟೆಯಲ್ಲಿ ಮೀಟರ್ ಹಿಡಿದುಕೊಂಡೇ ಲ್ಯಾಬಿಗೆ ಹೋಗಿ. ಸೋಪು ಹಾಕಿ ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ; ಬಾಳೆಹಣ್ಣು ಸುಲಿದ ಬೆರಳೇ ಸಂಖ್ಯೆಯನ್ನು ಮೇಲೇರಿಸಬಲ್ಲದು. ಅವರು ರಕ್ತ ತೆಗೆದ ಐದು ನಿಮಿಷದೊಳಗೆ ಬೆರಳು ಚುಚ್ಚಿ ನೋಡಿ. ಈಕೆ ಹೀಗೆ ಮಾಡಿದಾಗ ಲ್ಯಾಬ್ 126, ಮೀಟರ್ 139. ವ್ಯತ್ಯಾಸ 13, ಅಂದರೆ ಸುಮಾರು ಶೇ. 10. ಮೀಟರ್ ಎಸೆಯಬೇಕಾಗಿಲ್ಲ.

ಇಷ್ಟು ಮಾಡಿಯೂ ಪದೇ ಪದೇ ಮಿತಿ ದಾಟಿದರೆ ಮೊದಲು ಅನುಮಾನಿಸಬೇಕಾದದ್ದು ಸ್ಟ್ರಿಪ್ಪನ್ನು. ಅವಧಿ ಮುಗಿದದ್ದು, ಡಬ್ಬಿಯ ಮುಚ್ಚಳ ತೆರೆದಿಟ್ಟು ತೇವ ಕುಡಿದದ್ದು ತಪ್ಪು ಲೆಕ್ಕ ಕೊಡುತ್ತವೆ. ಕಂಪನಿಯ ಕಂಟ್ರೋಲ್ ಸಲ್ಯೂಷನ್ ಒಂದು ಹನಿ ಹಾಕಿ, ಬಂದ ಸಂಖ್ಯೆ ಡಬ್ಬಿಯ ಮೇಲಿನ ಮಿತಿಯೊಳಗಿದೆಯೇ ನೋಡಿ. ಅದೂ ಸರಿಯಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕು: ರಕ್ತಹೀನತೆ ಇರುವವರಲ್ಲಿ ಅನೇಕ ಮೀಟರ್‌ಗಳು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತವೆ.

ಕೆಳಗಿನ ಸಂಖ್ಯೆಗಳಲ್ಲಿ ಮಾತ್ರ ಈ 15 ಅಂಕ ಸಣ್ಣದಲ್ಲ. ಮೀಟರ್ 75 ಎಂದಾಗ ನಿಜವಾದ ಸಕ್ಕರೆ 60 ಇರಲೂಬಹುದು. ಕೈ ನಡುಗಿ, ಬೆವರು ಕಿತ್ತುಬರುತ್ತಿದ್ದರೆ ಮೊದಲು ಸಕ್ಕರೆ ನೀರು ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಿ.