ಮೂವತ್ತು ದಾಟಿದ ಮೇಲೆ

ಉಸೇನ್ ಬೋಲ್ಟ್ 2009ರ ಆಗಸ್ಟ್‌ನಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದಾಗ ಅವರಿಗೆ 23 ತುಂಬಲು ಐದು ದಿನ ಬಾಕಿಯಿತ್ತು. ಅದೇ ಊರಿನ ಬೀದಿಗಳಲ್ಲಿ 2022ರಲ್ಲಿ ಕೀನ್ಯಾದ ಎಲಿಯುಡ್ ಕಿಪ್‌ಚೋಗೆ 2 ಗಂಟೆ 1 ನಿಮಿಷ 9 ಸೆಕೆಂಡಿಗೆ ಮ್ಯಾರಥಾನ್ ಮುಗಿಸಿ ವಿಶ್ವದಾಖಲೆ ಬರೆದರು. ಅವರಿಗಾಗ 37 ವರ್ಷ. ಇಬ್ಬರೂ ಓಟಗಾರರೇ, ಆದರೆ ಒಬ್ಬರ ಉತ್ತುಂಗಕ್ಕೂ ಇನ್ನೊಬ್ಬರದಕ್ಕೂ ನಡುವೆ ಹೆಚ್ಚುಕಡಿಮೆ ಹದಿನೈದು ವರ್ಷಗಳ ಅಂತರ.

ವಯಸ್ಸು ದೇಹದ ಎಲ್ಲ ಶಕ್ತಿಗಳನ್ನೂ ಒಟ್ಟಿಗೆ ಕಸಿಯುವುದಿಲ್ಲ. ಮೊದಲ ಪೆಟ್ಟು ಬೀಳುವುದು ಸಿಡಿಯುವ ಶಕ್ತಿಗೆ. ಸ್ನಾಯುಗಳಲ್ಲಿ ಬೇಗ ಸಂಕುಚಿಸುವ ಎಳೆಗಳು, ನಿಧಾನವಾಗಿ ಸಂಕುಚಿಸುವ ಎಳೆಗಳು ಎಂದು ಎರಡು ಬಗೆಯಿವೆ. ವರ್ಷ ಕಳೆದಂತೆ ಹೆಚ್ಚು ಸೊರಗುವುದು ಬೇಗದ ಎಳೆಗಳು. ಹತ್ತು ಸೆಕೆಂಡಿನಲ್ಲಿ ಮುಗಿಯುವ ಓಟ ನಿಂತಿರುವುದೇ ಅವುಗಳ ಮೇಲೆ. ಹಾಗಾಗಿ ವೇಗದ ಓಟಗಾರರು ಸಾಮಾನ್ಯವಾಗಿ ಇಪ್ಪತ್ತೈದರ ಆಸುಪಾಸಿನಲ್ಲೇ ಶಿಖರ ಮುಟ್ಟುತ್ತಾರೆ. 2017ರ ಲಂಡನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, 31ರ ಹೊಸ್ತಿಲಲ್ಲಿದ್ದ ಬೋಲ್ಟ್ 9.95 ಸೆಕೆಂಡಿನೊಂದಿಗೆ ಮೂರನೆಯವರಾದರು. ಒಂದು ವಾರದ ಬಳಿಕ ರಿಲೇಯ ಕೊನೆಯ ಸುತ್ತಿನಲ್ಲಿ ಅವರ ತೊಡೆಯ ಹಿಂಭಾಗ ಕೈಕೊಟ್ಟಿತು. ಗಡಿಯಾರ ತೋರಿಸಿದ ವ್ಯತ್ಯಾಸ ಅರ್ಧ ಸೆಕೆಂಡಿಗೂ ಕಡಿಮೆ. ಆದರೆ 100 ಮೀಟರಿನಲ್ಲಿ ಅದು ದೊಡ್ಡ ಮೊತ್ತ.

ಹೃದಯದ ಕಥೆ ಬೇರೆ. ಅದು ಗರಿಷ್ಠವಾಗಿ ನಿಮಿಷಕ್ಕೆ ಎಷ್ಟು ಸಲ ಬಡಿಯಬಲ್ಲದೋ ಆ ಸಂಖ್ಯೆ ವಯಸ್ಸಿನೊಂದಿಗೆ ಇಳಿಯುತ್ತದೆ, ಯಾವ ತರಬೇತಿಯೂ ಇದನ್ನು ತಡೆಯದು. ದೇಹ ಬಳಸಬಲ್ಲ ಆಮ್ಲಜನಕದ ಮಿತಿಯೂ ಅದರೊಂದಿಗೇ ತಗ್ಗುತ್ತದೆ. ಆದರೆ ಮ್ಯಾರಥಾನನ್ನು ಆ ಮಿತಿಯ ತುದಿಯಲ್ಲಿ ಯಾರೂ ಓಡುವುದಿಲ್ಲ. ಅಲ್ಲಿ ಮುಖ್ಯವಾಗುವುದು ಮಿತಿಯ ಎಷ್ಟು ಪಾಲನ್ನು ಎರಡು ಗಂಟೆ ಹಿಡಿದಿಡಬಹುದು, ಪ್ರತಿ ಹೆಜ್ಜೆಗೆ ಎಷ್ಟು ಕಡಿಮೆ ಶಕ್ತಿ ಸಾಕು ಎಂಬುದು. ಈ ಎರಡು ಗುಣಗಳು ವರ್ಷಗಳ ಓಟದಿಂದ ಬಲಿಯುತ್ತವೆ, ಮೂವತ್ತರ ಬಳಿಕವೂ ಚೆನ್ನಾಗಿ ಉಳಿಯುತ್ತವೆ.

ಕಿಪ್‌ಚೋಗೆ ಆರಂಭದಲ್ಲಿ ಮ್ಯಾರಥಾನ್ ಓಟಗಾರರಲ್ಲ. 2003ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಪ್ಯಾರಿಸ್‌ನಲ್ಲಿ 5,000 ಮೀಟರಿನ ವಿಶ್ವ ಚಾಂಪಿಯನ್ ಆದವರು. ಆ ದೂರದಲ್ಲಿ ಎರಡು ಒಲಿಂಪಿಕ್ ಪದಕಗಳೂ ಬಂದವು. 2012ರ ಲಂಡನ್ ಒಲಿಂಪಿಕ್ಸ್‌ಗೆ ಮಾತ್ರ ಕೀನ್ಯಾ ತಂಡದಲ್ಲಿ ಜಾಗ ಸಿಗಲಿಲ್ಲ. ಆಗ ಅವರಿಗೆ 27. ಬೇರೆಯವರಾಗಿದ್ದರೆ ಇನ್ನಷ್ಟು ಬೆವರು ಸುರಿಸಿ ಅದೇ ಟ್ರ್ಯಾಕಿಗೆ ಅಂಟಿಕೊಳ್ಳುತ್ತಿದ್ದರೇನೋ. ಅವರು ಮರುವರ್ಷ ಹ್ಯಾಂಬರ್ಗ್‌ನಲ್ಲಿ ಮೊದಲ ಮ್ಯಾರಥಾನ್ ಓಡಿ ಗೆದ್ದರು.

ಲೆಕ್ಕ ನೋಡಿದರೆ ಈ ಬದಲಾವಣೆಯ ಜಾಣತನ ತಿಳಿಯುತ್ತದೆ. ಪ್ಯಾರಿಸ್‌ನಲ್ಲಿ ಅವರು ಪ್ರತಿ ಕಿಲೋಮೀಟರಿಗೆ ಸುಮಾರು 2 ನಿಮಿಷ 35 ಸೆಕೆಂಡು ತೆಗೆದುಕೊಂಡಿದ್ದರು. ಬರ್ಲಿನ್ ದಾಖಲೆಯಲ್ಲಿ ಸುಮಾರು 2 ನಿಮಿಷ 52 ಸೆಕೆಂಡು. ಹರೆಯದ ವೇಗ ಒಂದಿಷ್ಟು ಸೋರಿಹೋದರೂ ಮ್ಯಾರಥಾನಿಗೆ ಸಾಲುವಷ್ಟು ಕೈಯಲ್ಲಿ ಉಳಿದಿತ್ತು. ಜೊತೆಗೆ ತರಬೇತುದಾರ ಪ್ಯಾಟ್ರಿಕ್ ಸ್ಯಾಂಗ್ ಅವರ ಶಿಸ್ತು: ವಾರದ ಬಹುಪಾಲು ಓಟ ನಿಧಾನದ್ದು, ಕಠಿಣ ದಿನಗಳು ಕೆಲವೇ, ವರ್ಷಕ್ಕೆ ಹೆಚ್ಚೆಂದರೆ ಎರಡು ಮೂರು ಮ್ಯಾರಥಾನ್. ವಯಸ್ಸಾದ ಸ್ನಾಯು ಮತ್ತು ಸ್ನಾಯುರಜ್ಜುಗಳು ದುಡಿಯಲು ಹಿಂಜರಿಯುವುದಿಲ್ಲ, ಚೇತರಿಸಿಕೊಳ್ಳಲು ಹೆಚ್ಚು ಕಾಲ ಬೇಡುತ್ತವೆ. ಹಾಗಾಗಿ ಅನುಭವಿಗಳು ಅಭ್ಯಾಸದ ತೀವ್ರತೆಯನ್ನು ಬಿಡದೆ ಪ್ರಮಾಣವನ್ನು ಕಡಿತಗೊಳಿಸುತ್ತಾರೆ, ಜಿಮ್‌ನಲ್ಲಿ ಭಾರ ಎತ್ತಿ ಬೇಗದ ಎಳೆಗಳನ್ನು ಕಾಪಾಡಿಕೊಳ್ಳುತ್ತಾರೆ. ತೀವ್ರತೆಯನ್ನೇ ಕೈಬಿಟ್ಟವರು ಬೇಗ ಮಂದವಾಗುತ್ತಾರೆ.

ನಮ್ಮ ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಅವರದೂ ಇದೇ ದಾರಿ. ಸಿಂಗಲ್ಸ್‌ನಲ್ಲಿ ಮೊದಲ ಇನ್ನೂರರೊಳಗೆ ಬರದ ಅವರು ಡಬಲ್ಸ್‌ಗೆ ಒಲಿದರು. ಡಬಲ್ಸ್ ಅಂಗಳ ಅಗಲವಾದರೂ ಅದನ್ನು ಇಬ್ಬರು ಹಂಚಿಕೊಳ್ಳುತ್ತಾರೆ, ರ‍್ಯಾಲಿಗಳೂ ಚಿಕ್ಕವು. ಓಡಾಟ ತಗ್ಗಿ, ಸರ್ವ್, ನೆಟ್ ಬಳಿಯ ಕೈಚಳಕ, ಚೆಂಡು ಎಲ್ಲಿಗೆ ಬರುತ್ತದೆಂಬ ಊಹೆಗಳಿಗೆ ಬೆಲೆ ಹೆಚ್ಚುತ್ತದೆ. ಮಂಡಿಯ ಮೃದ್ವಸ್ಥಿ ಸವೆದುಹೋಗಿದ್ದ ಅವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇರಲಿಲ್ಲ. ಮಂಡಿಯ ಸುತ್ತಲಿನ ಸ್ನಾಯು ಬಲಪಡಿಸಲು ಅಯ್ಯಂಗಾರ್ ಯೋಗ ನೆರವಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. 2024ರ ಜನವರಿಯಲ್ಲಿ, 43ರಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು, ಪುರುಷರ ಡಬಲ್ಸ್‌ನಲ್ಲಿ ಅತಿ ಹಿರಿಯ ಅಗ್ರ ಶ್ರೇಯಾಂಕಿತರಾದರು.

ಹಾಗೆಂದು ಈ ಉಪಾಯಕ್ಕೆ ಕೊನೆಯಿಲ್ಲವೆಂದಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 39ರ ಕಿಪ್‌ಚೋಗೆ ಬೆನ್ನುನೋವಿನಿಂದ ಹಿಂದುಳಿದು, ಸುಮಾರು 30 ಕಿಲೋಮೀಟರಿನ ಬಳಿ ಓಟ ಬಿಟ್ಟರು. ಅರ್ಧದಲ್ಲೇ ನಿಂತ ಅವರ ಮೊದಲ ಮ್ಯಾರಥಾನ್ ಅದು.